ಆ ದಿನ ಆಗದು, ಈ ಮೂರು ದಿನಗಳಲ್ಲಿ ಆಗುತ್ತದೆ

ಫೆಬ್ರವರಿ 6, ಶುಕ್ರವಾರ ಸಂಜೆ. ಮರುದಿನದ ಪಾಠ ಯೋಜನೆಗೆ ಮಾರ್ಗದರ್ಶಕರ ಸಹಿ ಪಡೆದು ಕಾಲೇಜಿನಿಂದ ಹೊರಬರುವಾಗ ಫೋನ್ ಬಂತು. ಹಾಸನದ ಒಂದು ಖಾಸಗಿ ಪ್ರೌಢಶಾಲೆಯ ಕಚೇರಿಯಿಂದ. ಭೌತವಿಜ್ಞಾನ ಶಿಕ್ಷಕರ ಹುದ್ದೆಗೆ ನಾನು ಹಾಕಿದ್ದ ಅರ್ಜಿ ಆಯ್ಕೆಯಾಗಿದೆ, 12ನೇ ತಾರೀಖು ಗುರುವಾರ ಬೆಳಗ್ಗೆ 10.30ಕ್ಕೆ ಒಂಬತ್ತನೇ ತರಗತಿಗೆ ಡೆಮೋ ಪಾಠ, ಆಮೇಲೆ ಸಂದರ್ಶನ, ಬರುತ್ತೀರಲ್ಲ ಎಂದು ಕೇಳಿದರು. ಬರುತ್ತೇನೆ ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡೆ. ಅದೇ ಗುರುವಾರ ಅರಸೀಕೆರೆಯ ನಮ್ಮ ಅಭ್ಯಾಸ ಶಾಲೆಯಲ್ಲಿ, ಮೂರನೇ ಪೀರಿಯಡ್‌ಗೆ, ಬಾಹ್ಯ ಪರೀಕ್ಷಕರ ಎದುರಿಗೆ ನನ್ನ ಅಂತಿಮ ಪ್ರಾಯೋಗಿಕ ಪರೀಕ್ಷೆಯ ಪಾಠ.

ನಾನು ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಟ್ಯೂಷನ್ ಸೆಂಟರ್ ಒಂದರಲ್ಲಿ ದುಡಿದು ಬಿ.ಇಡಿ.ಗೆ ಬಂದವರ ಪೈಕಿ. ಮನೆಯಲ್ಲಿ ಜೂನ್‌ನಿಂದ ಸಂಬಳ ಬರುತ್ತದೆ ಎಂದು ಲೆಕ್ಕ ಹಾಕಿ ಕೂತಿದ್ದಾರೆ. ಹಾಗಾಗಿ ಆ ಫೋನ್ ನನ್ನ ಪಾಲಿಗೆ ಸಣ್ಣದಲ್ಲ. ಈ ಬರಹ ಮಾತ್ರ ಆ ಕೆಲಸದ ಬಗ್ಗೆ ಅಲ್ಲ. ಸಂದರ್ಶನದ ದಿನ ಬದಲಿಸಿಕೊಡಿ ಎಂದು ಮರ್ಯಾದೆಯಿಂದ ಕೇಳುವುದು ಹೇಗೆ ಎಂಬುದನ್ನು ನಮಗೆ ಯಾರೂ ಕಲಿಸಿಲ್ಲ, ಕಲಿಸಿದ್ದು ಅದಕ್ಕೆ ವಿರುದ್ಧವಾದದ್ದು ಎಂಬುದರ ಬಗ್ಗೆ.

ವಿರುದ್ಧವಾದದ್ದು ಎಂದರೆ ರಜಾ ಅರ್ಜಿ. ಪ್ರಾಥಮಿಕ ಶಾಲೆಯಿಂದ ನಾವೆಲ್ಲ ಬರೆದು, ಈಗ ಮಕ್ಕಳಿಗೂ ಬರೆಸುತ್ತಿರುವ ಪತ್ರ ಅದು. ಅದರಲ್ಲಿ ಕಾರಣ ಹೇಳಬೇಕು, ತಪ್ಪಾಯಿತೆಂಬ ಧ್ವನಿ ಇರಬೇಕು, ದಯಮಾಡಿ ಅವಕಾಶ ಕೊಡಬೇಕೆಂದು ಬೇಡಿಕೊಳ್ಳಬೇಕು, ಕೊನೆಗೆ ವಿಧೇಯ ವಿದ್ಯಾರ್ಥಿ ಎಂದು ಸಹಿ ಮಾಡಬೇಕು. ರಜೆಗೆ ಅಷ್ಟು ಸಾಕು. ಮೇಷ್ಟ್ರು ಹೂಂ ಎಂದರೆ ಕೆಲಸ ಮುಗಿಯಿತು, ಅವರು ಬೇರೇನೂ ಮಾಡಬೇಕಾಗಿಲ್ಲ. ಸಂದರ್ಶನ ಮುಂದೂಡಿ ಎಂದು ಕೇಳುವಾಗ ಎದುರಿನವರು ಹೂಂ ಎಂದರೆ ಅವರ ಕೆಲಸ ಅಲ್ಲಿಂದ ಶುರುವಾಗುತ್ತದೆ. ಮುಖ್ಯೋಪಾಧ್ಯಾಯರ ಸಮಯ ನೋಡಬೇಕು, ವಿಷಯ ಶಿಕ್ಷಕರನ್ನು ಕೇಳಬೇಕು, ಡೆಮೋಗೆ ಒಂದು ತರಗತಿ ಹೊಂದಿಸಬೇಕು, ನಮಗೆ ತಿಳಿಸಬೇಕು, ನಾವು ಅದಕ್ಕೂ ಆಗಲ್ಲ ಎಂದರೆ ಮತ್ತೆ ಮೊದಲಿನಿಂದ. ಈ ಜಾಗದಲ್ಲಿ ಎಷ್ಟು ಸಲ ದಯವಿಟ್ಟು ಬರೆದರೂ ಅದು ಮರ್ಯಾದೆ ಆಗುವುದಿಲ್ಲ. ಅವರ ಕೆಲಸದಲ್ಲಿ ನಾವು ಮಾಡಬಹುದಾದ ಭಾಗವನ್ನು ನಾವೇ ಮಾಡಿ ಕಳಿಸುವುದು ಮರ್ಯಾದೆ.

ಇದನ್ನು ನಾನು ಕಲಿತದ್ದು ಒಂದು ಅವಕಾಶ ಕಳೆದುಕೊಂಡು. ಕಳೆದ ಅಕ್ಟೋಬರ್‌ನಲ್ಲಿ ಇನ್ನೊಂದು ಶಾಲೆ ಸಂದರ್ಶನಕ್ಕೆ ಕರೆದಿತ್ತು. ಆ ದಿನ ಇಂಟರ್ನ್‌ಶಿಪ್‌ನಲ್ಲಿ ಘಟಕ ಪರೀಕ್ಷೆ ಇತ್ತು. ನಾನು ವಾಟ್ಸಾಪ್‌ನಲ್ಲಿ ಬರೆದದ್ದು ಹೀಗೆ:

"ಸರ್, ದಯವಿಟ್ಟು ಕ್ಷಮಿಸಿ. ಅನಿವಾರ್ಯ ಕಾರಣಗಳಿಂದ ತಾವು ತಿಳಿಸಿದ ದಿನ ಬರಲು ಸಾಧ್ಯವಾಗುತ್ತಿಲ್ಲ. ದಯಮಾಡಿ ಬೇರೆ ಯಾವುದಾದರೂ ದಿನ ಅವಕಾಶ ಮಾಡಿಕೊಡಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇನೆ. ತಾವು ಯಾವ ದಿನ ಹೇಳಿದರೂ ಬರಲು ಸಿದ್ಧ."

ಆಗ ಇದು ಬಹಳ ವಿನಯದ ಪತ್ರ ಅನ್ನಿಸಿತ್ತು. ಈಗ ಓದಿದರೆ ಒಂದೊಂದು ವಾಕ್ಯವೂ ಸೋತಿದೆ. ಅನಿವಾರ್ಯ ಕಾರಣ ಎಂದರೆ ಏನೂ ಹೇಳದಂತೆ. ಕೇಳಿದವರಿಗೆ ಬೇರೆ ಶಾಲೆಗೆ ಹೋಗುತ್ತಿದ್ದಾನೋ, ಮನಸ್ಸಿಲ್ಲವೋ, ನಿಜಕ್ಕೂ ತೊಂದರೆಯೋ ತಿಳಿಯುವುದಿಲ್ಲ. ಯಾವ ಹುದ್ದೆ, ಯಾವ ದಿನದ ಸಂದರ್ಶನ ಎಂಬುದೂ ಇಲ್ಲ. ಹತ್ತಾರು ಅಭ್ಯರ್ಥಿಗಳ ಜೊತೆ ಮಾತಾಡುವ ಕಚೇರಿಯವರು ನಂಬರ್ ನೋಡಿ ಇವರು ಯಾರು ಎಂದು ಹುಡುಕಬೇಕು. ಎಲ್ಲಕ್ಕಿಂತ ಕೆಟ್ಟದ್ದು ಕೊನೆಯ ವಾಕ್ಯ. ಅದು ಸುಳ್ಳು. ಯಾವ ದಿನ ಹೇಳಿದರೂ ಬರಲು ನಾನು ಸಿದ್ಧನಿರಲಿಲ್ಲ. ಅವರು ಪಾಪ ಅರ್ಧ ಗಂಟೆಯಲ್ಲೇ "ಬುಧವಾರ 10ಕ್ಕೆ ಬನ್ನಿ" ಎಂದು ಉತ್ತರಿಸಿದರು. ಬುಧವಾರ ನನ್ನ ವಿಮರ್ಶಾ ಪಾಠ. ವಿಷಯದ ಅಧ್ಯಾಪಕರು, ಇಡೀ ಗುಂಪು ವೀಕ್ಷಣೆಗೆ ಕೂರುವ ಪಾಠ. ಮತ್ತೆ ಕ್ಷಮೆ ಕೇಳಿ ಬರೆದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿದಾಗ ಹುದ್ದೆ ತುಂಬಿದೆ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೊದಲ ಸಲ ಆಗಲ್ಲ ಎನ್ನುವುದನ್ನು ಯಾರಾದರೂ ಒಪ್ಪುತ್ತಾರೆ. ತಾನೇ ಯಾವ ದಿನವಾದರೂ ಸರಿ ಎಂದು ಹೇಳಿ ಎರಡನೇ ಸಲ ಆಗಲ್ಲ ಎಂದವನನ್ನು ತರಗತಿಗೆ ಯಾರು ನಂಬಿ ಬಿಡುತ್ತಾರೆ?

ಈ ಸಲ ಫೋನ್‌ನಲ್ಲೇ ಒಂದಿಷ್ಟು ಹೇಳಿದೆ. "ತುಂಬಾ ಸಂತೋಷ ಮೇಡಂ. ಆ ದಿನ 11.30ಕ್ಕೆ ಅರಸೀಕೆರೆಯಲ್ಲಿ ನನ್ನ ಬಿ.ಇಡಿ. ಅಂತಿಮ ಪರೀಕ್ಷೆಯ ಪಾಠ ಇದೆ. ಬೇರೆ ಯಾವ ಸಮಯಗಳಲ್ಲಿ ಬರಬಹುದು ಅಂತ ನೋಡಿ ಇನ್ನೊಂದು ಗಂಟೆಯಲ್ಲಿ ಬರೆದು ಕಳಿಸಲಾ?" ಅವರು ಸರಿ, ಹೆಡ್‌ಮಿಸ್‌ಗೆ ತೋರಿಸುತ್ತೇನೆ ಎಂದರು. ಆ ಮಾತಿನಲ್ಲಿ ನನಗೆ ಬೇಕಾದ ಮಾಹಿತಿ ಸಿಕ್ಕಿತು. ನಿರ್ಧಾರ ಫೋನ್ ಮಾಡಿದವರದ್ದಲ್ಲ, ಅವರು ನನ್ನ ಸಂದೇಶವನ್ನು ಇನ್ನೊಬ್ಬರಿಗೆ ತೋರಿಸುತ್ತಾರೆ. ಅಂದರೆ ನಾವಿಬ್ಬರು ಏನು ಮಾತಾಡಿದೆವು ಎಂದು ಗೊತ್ತಿಲ್ಲದ ಮೂರನೆಯವರು ಓದಿದರೂ ಪೂರ್ತಿ ಅರ್ಥವಾಗುವಂತೆ ಅದನ್ನು ಬರೆಯಬೇಕು.

ಬರೆಯುವ ಮೊದಲು ಕೂತು ಯೋಚಿಸಬೇಕಾದದ್ದು ಒಂದಿತ್ತು. ಎರಡರಲ್ಲಿ ಯಾವುದು ಅಲ್ಲಾಡಬಹುದು? ನಮ್ಮ ಬ್ಯಾಚಿನಲ್ಲಿ ಈ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಕೆಲವರು ಸಾಧಾರಣ ಅಭ್ಯಾಸ ಪಾಠವೊಂದಕ್ಕಾಗಿ ಸಂದರ್ಶನ ಮುಂದೂಡಿ ಎನ್ನುತ್ತಾರೆ. ಅದು ಬೇಡದ ಕೆಲಸ, ಏಕೆಂದರೆ ಆ ಪಾಠವನ್ನು ಸಹಪಾಠಿಯೊಬ್ಬರ ಪೀರಿಯಡ್ ಜೊತೆ ಬದಲಿಸಿಕೊಂಡು, ಮಾರ್ಗದರ್ಶಕ ಶಿಕ್ಷಕರಿಗೆ ಹಿಂದಿನ ದಿನವೇ ಹೇಳಿದರೆ ಮುಗಿಯಿತು. ಇನ್ನು ಕೆಲವರು ಯಾರಿಗೂ ಹೇಳದೆ ತರಗತಿಯನ್ನೇ ಬಿಟ್ಟು ಹೋಗುತ್ತಾರೆ. ಎಂಟನೇ ತರಗತಿಯ ನಲವತ್ತು ಮಕ್ಕಳು ಒಂದು ಪೀರಿಯಡ್ ಸುಮ್ಮನೆ ಕೂತಿರುತ್ತಾರೆ. ಪರೀಕ್ಷಾ ಪಾಠದ ಕತೆ ಬೇರೆ. ಬಾಹ್ಯ ಪರೀಕ್ಷಕರು ಒಂದು ದಿನಕ್ಕೆ ಬಂದು ಎಂಟು ಜನರ ಪಾಠ ನೋಡುತ್ತಾರೆ. ನನ್ನೊಬ್ಬನ ಪಾಠ ಅಲ್ಲಾಡಿಸಿದರೆ ಎಂಟೂ ಅಲ್ಲಾಡುತ್ತವೆ. ಹಾಗಾಗಿ ಅಲ್ಲಾಡಬೇಕಾದದ್ದು ಸಂದರ್ಶನವೇ ಎಂದು ನಿರ್ಧರಿಸಿದ ಮೇಲೆ ಕೇಳಲು ನನಗೆ ಸಂಕೋಚ ಉಳಿಯಲಿಲ್ಲ.

ಆಮೇಲಿನ ಪ್ರಶ್ನೆ, ಎಷ್ಟು ಅಲ್ಲಾಡಿಸಬೇಕು ಎಂಬುದು. ಅದೇ ದಿನ ಸಮಯ ಬದಲಿಸಿದರೆ ಸಾಕಾದರೆ ಬೇರೆ ದಿನ ಕೇಳಲೇಬಾರದು. ಶಾಲೆಗಳು ಹೆಚ್ಚಾಗಿ ಒಂದೇ ದಿನ ನಾಲ್ಕೈದು ಜನರನ್ನು ಕರೆಯುತ್ತವೆ. ಹೊರಗಿನಿಂದ ವಿಷಯ ತಜ್ಞರೊಬ್ಬರು ಬಂದಿದ್ದರಂತೂ ಇನ್ನೊಂದು ದಿನ ಹೊಂದಿಸುವುದು ಅವರಿಗೆ ಕಷ್ಟ. 10.30ರ ಬದಲು 3ಕ್ಕೆ ಬರಲೇ ಎಂದು ಕೇಳುವುದು ಸಣ್ಣ ಕೋರಿಕೆ, ಸಾಲಿನಲ್ಲಿ ನಮ್ಮ ಸರದಿ ಮಾತ್ರ ಬದಲಾಗುತ್ತದೆ. ನಾನೂ ಅದನ್ನೇ ಮೊದಲು ಲೆಕ್ಕ ಹಾಕಿದೆ. ಪಾಠ 12.10ಕ್ಕೆ ಮುಗಿಯುತ್ತದೆ. ಅರಸೀಕೆರೆಯಿಂದ ಹಾಸನಕ್ಕೆ ಬಸ್ಸಿನಲ್ಲಿ ಸುಮಾರು ಒಂದೂಕಾಲು ಗಂಟೆ, ಬಸ್ಸಿಗೆ ಕಾಯುವುದು ಬೇರೆ. ತಲುಪಬಹುದಿತ್ತು. ಆದರೆ ಊಟದ ನಂತರ ದಾಖಲೆ ಪುಸ್ತಕಗಳ ಪರಿಶೀಲನೆ, ಮೌಖಿಕ ಪರೀಕ್ಷೆ. ಯಾರ ಹೆಸರು ಯಾವಾಗ ಕರೆಯುತ್ತಾರೋ ತಿಳಿಯದು. ಆದ್ದರಿಂದ ಆ ದಿನ ಪೂರ್ತಿ ಬಿಡಬೇಕಾಯಿತು.

ಬೇರೆ ದಿನಗಳನ್ನು ಆರಿಸುವಾಗ ನನ್ನ ವೇಳಾಪಟ್ಟಿಯಷ್ಟೇ ಅವರ ವೇಳಾಪಟ್ಟಿಯನ್ನೂ ಊಹಿಸಿ ನೋಡಿದೆ. ಶಾಲೆಯ ಸಂದರ್ಶನ ಬ್ಯಾಂಕಿನ ಸಂದರ್ಶನದ ಹಾಗಲ್ಲ. ಡೆಮೋ ಪಾಠಕ್ಕೆ ಮಕ್ಕಳು ಬೇಕು. ಸಂಜೆ 5ಕ್ಕೆ ಬರುತ್ತೇನೆ, ಭಾನುವಾರ ಬರುತ್ತೇನೆ ಎಂದರೆ ನಮಗೆ ಬಿಡುವು ಇದ್ದೀತು, ಪಾಠ ಕೇಳಲು ತರಗತಿ ಇರುವುದಿಲ್ಲ. ಫೆಬ್ರವರಿಯಲ್ಲಿ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗಳು ನಡೆಯುತ್ತವೆ, ಶಿಕ್ಷಕರು ಕೊಠಡಿ ಮೇಲ್ವಿಚಾರಣೆಯಲ್ಲಿರುತ್ತಾರೆ. ಮಾರ್ಚ್ ಬಂದರೆ ಉಳಿದ ತರಗತಿಗಳಿಗೂ ವಾರ್ಷಿಕ ಪರೀಕ್ಷೆಯ ಗಡಿಬಿಡಿ. ಬಹಳ ಮುಂದಕ್ಕೆ ತಳ್ಳಿದರೆ ಅವರು ಕಾಯುವುದಿಲ್ಲ, ಕಾಯಲೂಬಾರದು. ಸಾಧ್ಯವಾದರೆ ಒಂದು ಸಮಯ ಅವರು ಕೊಟ್ಟ ದಿನಕ್ಕಿಂತ ಮುಂಚೆಯೇ ಇರಬೇಕು ಎಂದು ನನಗನ್ನಿಸಿತು. ಎಲ್ಲವೂ ನಂತರದ ದಿನಗಳಾದರೆ ಎಳೆದಾಡುತ್ತಿದ್ದಾನೆ ಎಂಬ ಭಾವ ಬರುತ್ತದೆ. ಮುಂಚಿನ ದಿನ ಒಂದಿದ್ದರೆ ಬರುವ ಮನಸ್ಸಿದೆ ಎಂಬುದು ಬೇರೆ ಮಾತಿಲ್ಲದೆ ತಿಳಿಯುತ್ತದೆ.

ಹೀಗೆ ಮೂರು ಸಮಯ ಸಿಕ್ಕವು. ಮಂಗಳವಾರ 10ರ ಬೆಳಗ್ಗೆ. ಅಂದು ಎಂಟನೇ ತರಗತಿಗೆ ನನ್ನದೊಂದು ಪಾಠವಿತ್ತು, ಸಹಪಾಠಿಯ ಸೋಮವಾರದ ಪೀರಿಯಡ್ ಜೊತೆ ಬದಲಿಸಿಕೊಂಡೆ. ಬುಧವಾರ ಗಣಿತದ ಪರೀಕ್ಷಾ ಪಾಠ, ಅದನ್ನು ಬಿಟ್ಟೆ. ಶುಕ್ರವಾರ 13ರ ಮಧ್ಯಾಹ್ನ. ಬೆಳಗ್ಗೆ ಕಾಲೇಜಿಗೆ ದಾಖಲೆಗಳನ್ನು ಒಪ್ಪಿಸಿ ಹೊರಟರೆ 2ರೊಳಗೆ ಹಾಸನದಲ್ಲಿರುತ್ತೇನೆ. ಶನಿವಾರ 14ರ ಬೆಳಗ್ಗೆ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಎಂದು ಬರೆದಿದ್ದರೆ ಅವರು ನಕ್ಕುಬಿಡುತ್ತಿದ್ದರು. ಮೂರಕ್ಕಿಂತ ಹೆಚ್ಚು ಹುಡುಕಲಿಲ್ಲ. ಒಂದೇ ಕೊಟ್ಟರೆ ಅದು ಕೋರಿಕೆಯಾಗದೆ ಆಜ್ಞೆಯಾಗುತ್ತದೆ. ಆರೇಳು ಕೊಟ್ಟರೆ ಅಷ್ಟನ್ನೂ ಖಾಲಿ ಇಟ್ಟುಕೊಂಡು ಕಾಯಬೇಕು, ಅದು ನಮ್ಮಿಂದಾಗದು.

ಬರೆದದ್ದು ಇದು:

"ವಿಷಯ: ಫೆ. 12ರ ಸಂದರ್ಶನದ ಸಮಯ ಬದಲಾವಣೆಗೆ ವಿನಂತಿ (ಭೌತವಿಜ್ಞಾನ ಶಿಕ್ಷಕರ ಹುದ್ದೆ)

ಮಾನ್ಯರೇ,

ಫೆ. 12, ಗುರುವಾರ ಬೆಳಗ್ಗೆ 10.30ಕ್ಕೆ ಡೆಮೋ ಪಾಠ ಮತ್ತು ಸಂದರ್ಶನಕ್ಕೆ ಕರೆದಿದ್ದಕ್ಕೆ ಧನ್ಯವಾದಗಳು. ಅದೇ ದಿನ ಅರಸೀಕೆರೆಯಲ್ಲಿ ನನ್ನ ಬಿ.ಇಡಿ. ಅಂತಿಮ ಪ್ರಾಯೋಗಿಕ ಪರೀಕ್ಷೆ ಇದ್ದು, ಅದನ್ನು ಬದಲಿಸಲು ಅವಕಾಶವಿಲ್ಲ. ತಮ್ಮ ಶಾಲೆಯಲ್ಲಿ ಕೆಲಸ ಮಾಡುವ ಆಸಕ್ತಿ ನನಗಿದೆ. ಈ ಕೆಳಗಿನ ಯಾವ ಸಮಯದಲ್ಲಾದರೂ ಬರಬಲ್ಲೆ:

ಫೆ. 10, ಮಂಗಳವಾರ, ಬೆಳಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ
ಫೆ. 13, ಶುಕ್ರವಾರ, ಮಧ್ಯಾಹ್ನ 2ರಿಂದ 4.30ರವರೆಗೆ
ಫೆ. 14, ಶನಿವಾರ, ಬೆಳಗ್ಗೆ 9.30ರಿಂದ ಶಾಲೆ ಬಿಡುವವರೆಗೆ

ಇವುಗಳಲ್ಲಿ ಯಾವುದು ತಮಗೆ ಅನುಕೂಲವೆಂದು ತಿಳಿಸಿದರೆ ಬರುತ್ತೇನೆ. ಭಾನುವಾರ ಸಂಜೆಯವರೆಗೆ ಮೂರನ್ನೂ ಬಿಡುವಾಗಿಟ್ಟಿರುತ್ತೇನೆ. ಡೆಮೋಗೆ ತಾವು ಹೇಳಿದ ಒಂಬತ್ತನೇ ತರಗತಿಯ 'ಶಬ್ದ' ಪಾಠವನ್ನೇ ಸಿದ್ಧಪಡಿಸುತ್ತಿದ್ದೇನೆ. ಇದರಿಂದ ತಮಗಾಗುವ ತೊಂದರೆಗೆ ಕ್ಷಮೆ ಇರಲಿ.

ವಂದನೆಗಳೊಂದಿಗೆ,"

ಕೆಳಗೆ ಪೂರ್ಣ ಹೆಸರು, ಮೊಬೈಲ್ ಸಂಖ್ಯೆ. ಅಷ್ಟೇ. ಕ್ಷಮೆ ಒಂದೇ ಸಲ, ಕೊನೆಯಲ್ಲಿ. ಮೊದಲ ಸಾಲಿನಲ್ಲೇ ಕ್ಷಮೆ ಕೇಳಿದರೆ ಓದುವವರು ಕೆಟ್ಟ ಸುದ್ದಿಗೆ ಸಿದ್ಧರಾಗಿಬಿಡುತ್ತಾರೆ, ಉಳಿದದ್ದನ್ನೆಲ್ಲ ಅದೇ ಕಣ್ಣಿನಿಂದ ಓದುತ್ತಾರೆ. ಕಾರಣಕ್ಕೆ ಒಂದು ವಾಕ್ಯ ಸಾಕು, ಆದರೆ ಅದು ನಿಜವಾದ ಕಾರಣವಾಗಿರಬೇಕು. ನಮ್ಮಲ್ಲಿ ಜ್ವರ ಬರಿಸಿಕೊಳ್ಳುವವರು ಇದ್ದಾರೆ, ಒಂದೇ ಅಜ್ಜಿಯನ್ನು ಎರಡು ಸಲ ಕಳೆದುಕೊಂಡವರೂ ಇದ್ದಾರೆ. ಪರೀಕ್ಷೆ ಇದೆ ಎಂದರೆ ಓದಿನ್ನೂ ಮುಗಿದಿಲ್ಲ ಎಂದುಕೊಳ್ಳುತ್ತಾರೆ ಎಂಬ ಭಯ ಅವರದ್ದು. ಅರ್ಜಿಯಲ್ಲೇ ಎರಡನೇ ವರ್ಷದ ವಿದ್ಯಾರ್ಥಿ ಎಂದು ಬರೆದಿರುವಾಗ ಈ ಭಯಕ್ಕೆ ಅರ್ಥವಿಲ್ಲ. ಮುಖ್ಯೋಪಾಧ್ಯಾಯರೂ ಬಿ.ಇಡಿ. ಮಾಡಿಯೇ ಬಂದವರು, ಬಾಹ್ಯ ಪರೀಕ್ಷಕರು ಎಂದರೆ ಏನೆಂದು ಅವರಿಗೆ ವಿವರಿಸಬೇಕಾಗಿಲ್ಲ.

ತಾರೀಖಿನ ಜೊತೆ ವಾರ ಬರೆಯುವುದು ಸಣ್ಣ ವಿಷಯವೆನಿಸಬಹುದು. ನನ್ನ ಗೆಳತಿಯೊಬ್ಬಳು ಇದರಲ್ಲೇ ಎಡವಿದಳು. ಹಿಂದಿನ ತಿಂಗಳ ಕ್ಯಾಲೆಂಡರ್ ನೋಡಿ ತಾರೀಖು ಒಂದು, ವಾರ ಇನ್ನೊಂದು ಬರೆದಳು. ಶಾಲೆಯವರು ತಾರೀಖು ಹಿಡಿದರು, ಅವಳು ವಾರ ಹಿಡಿದು ಬೇರೆ ದಿನ ಹೋದಳು. ಎರಡೂ ಬರೆದರೆ ತಪ್ಪಾದಾಗ ಎದುರಿನವರಿಗೆ ಅನುಮಾನ ಬಂದು ಕೇಳುತ್ತಾರೆ ಎಂಬುದು ಲಾಭ. ಆದರೆ ಕಳಿಸುವ ಮೊದಲು ಎರಡನ್ನೂ ಅದೇ ತಿಂಗಳ ಪುಟದಲ್ಲಿ ಹೊಂದಿಸಿ ನೋಡಬೇಕು. ಬೆಳಗ್ಗೆ, ಮಧ್ಯಾಹ್ನ ಎಂಬುದನ್ನೂ ಬಿಡಬಾರದು. ಇನ್ನು "10 ಗಂಟೆಗೆ" ಎನ್ನುವುದಕ್ಕಿಂತ "10ರಿಂದ 1ರವರೆಗೆ" ಎನ್ನುವುದು ಒಳ್ಳೆಯದು. ಒಂಬತ್ತನೇ ತರಗತಿಯ ವಿಜ್ಞಾನದ ಪೀರಿಯಡ್ ಎಷ್ಟು ಹೊತ್ತಿಗಿದೆ ಎಂದು ನಮಗೆ ಗೊತ್ತಿಲ್ಲ, ಅವರು ಅದನ್ನು ಆ ಅವಧಿಯೊಳಗೆ ಹೊಂದಿಸಿಕೊಳ್ಳಲಿ.

ಭಾಷೆಯ ಬಗ್ಗೆ ಒಂದು ಮಾತು. "ನಂಗೆ ಆ ದಿನ ಆಗಲ್ಲ ಸರ್" ಎನ್ನುವುದರಲ್ಲಿ ಒರಟುತನ ಇರುವುದು ಆಡುಮಾತಿನಿಂದಲ್ಲ. ಆ ವಾಕ್ಯ ಆಗದಿರುವಲ್ಲಿಗೇ ನಿಂತುಬಿಡುತ್ತದೆ, ಅದರಿಂದ. "ಆ ದಿನ ಪರೀಕ್ಷೆ ಇದೆ ಸರ್, ಶುಕ್ರವಾರ ಮಧ್ಯಾಹ್ನ ಬರ್ಲಾ?" ಎಂಬುದು ಅದೇ ಆಡುಮಾತು, ಅದರಲ್ಲಿ ಒರಟುತನವಿಲ್ಲ. ಆದ್ದರಿಂದ ತಾವು, ಮಾನ್ಯರೇ, ವಿನಂತಿ ಎಂಬ ಪದಗಳನ್ನು ಬಳಸಿದರೆ ಸಾಕೆಂಬ ನಮ್ಮ ಪತ್ರಲೇಖನದ ಪಾಠವನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಅಕ್ಟೋಬರ್‌ನ ನನ್ನ ಸಂದೇಶದಲ್ಲಿ ಅಂಥ ಪದಗಳೇ ತುಂಬಿದ್ದವು.

ಉತ್ತರ ಶನಿವಾರ ಮಧ್ಯಾಹ್ನ ಬಂತು. ಮಂಗಳವಾರ ಪೂರ್ವಸಿದ್ಧತಾ ಪರೀಕ್ಷೆ, ಆಗುವುದಿಲ್ಲ. ಶುಕ್ರವಾರ ಮಧ್ಯಾಹ್ನ ಒಂಬತ್ತನೇ ತರಗತಿಗೆ ಆಟದ ಪೀರಿಯಡ್. ಶನಿವಾರ ಬನ್ನಿ, ಆದರೆ ವಿಜ್ಞಾನದ ಪೀರಿಯಡ್ ಮೊದಲನೆಯದು, 8.30ಕ್ಕೇ ಶಾಲೆಯಲ್ಲಿರಬೇಕು. ನಾನು ಕೊಟ್ಟಿದ್ದು 9.30. ಹೀಗಾಗುತ್ತದೆ. ಮೂರು ಸಮಯ ಕೊಟ್ಟರೆ ಅದರಲ್ಲೊಂದನ್ನು ಇದ್ದ ಹಾಗೇ ತೆಗೆದುಕೊಳ್ಳಲೇಬೇಕೆಂದಿಲ್ಲ, ಪಕ್ಕಕ್ಕೆ ಒಂಚೂರು ಸರಿಸಿ ಕೇಳುತ್ತಾರೆ. ಆಗ ಚೌಕಾಸಿ ಮಾಡಬಾರದು. ಒಂದು ಗಂಟೆ ಮುಂಚಿನ ಬಸ್ಸು ಹಿಡಿಯುವುದು ನನ್ನ ತೊಂದರೆ. ಸಾಧ್ಯವೇ ಇಲ್ಲದಿದ್ದರೆ ಮಾತು ಬೇರೆ.

ಹತ್ತು ನಿಮಿಷದೊಳಗೆ ಮರುತ್ತರ ಕೊಟ್ಟೆ. "ಫೆ. 14, ಶನಿವಾರ ಬೆಳಗ್ಗೆ 8.30ಕ್ಕೆ ಶಾಲೆಯಲ್ಲಿರುತ್ತೇನೆ. ಮಂಗಳವಾರ ಮತ್ತು ಶುಕ್ರವಾರದ ಸಮಯಗಳನ್ನು ನನ್ನ ಕಡೆಯಿಂದ ಬಿಟ್ಟುಕೊಡುತ್ತಿದ್ದೇನೆ. ಧನ್ಯವಾದಗಳು." ಎರಡನೇ ವಾಕ್ಯ ಅವರಿಗಿಂತ ಹೆಚ್ಚಾಗಿ ನನಗಾಗಿ. ಅದನ್ನು ಬರೆದ ಮೇಲೆಯೇ ಸಹಪಾಠಿಗೆ ಫೋನ್ ಮಾಡಿ, ಮಂಗಳವಾರದ ಪಾಠ ನಾನೇ ಮಾಡುತ್ತೇನೆ, ನಿನ್ನ ಸೋಮವಾರದ ಪೀರಿಯಡ್ ನೀನೇ ಇಟ್ಟುಕೋ ಎಂದೆ. ಸಮಯ ಕಾದಿರಿಸಿದ್ದೇನೆ ಎಂದು ಬರೆಯುವುದು ಸುಲಭ, ಅದಕ್ಕೆ ಇನ್ನೊಬ್ಬರ ವೇಳಾಪಟ್ಟಿಯೂ ಸಿಕ್ಕಿಕೊಂಡಿರುತ್ತದೆ. ಕೆಲಸ ಮುಗಿದ ಮೇಲೆ ಬಿಡಿಸಿಕೊಡುವುದನ್ನು ನಾವು ಮರೆಯುತ್ತೇವೆ.

ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೇಳಿದಾಗ ಒಬ್ಬ ಗೆಳೆಯ ಒಪ್ಪಲಿಲ್ಲ. ಖಾಸಗಿ ಶಾಲೆಗೆ ಒಂದು ಹುದ್ದೆಗೆ ಮೂವತ್ತು ಅರ್ಜಿ ಬರುತ್ತವೆ, ನೀನು ದಿನ ಬದಲಿಸು ಎಂದ ತಕ್ಷಣ ಮುಂದಿನವರನ್ನು ಕರೆಯುತ್ತಾರೆ, ನಿನ್ನ ಅದೃಷ್ಟ ಚೆನ್ನಾಗಿತ್ತು ಎಂದ. ಅವನ ಮಾತಿನಲ್ಲಿ ನಿಜವಿದೆ. ಕೇಳಿದವರಿಗೆಲ್ಲ ಬೇರೆ ದಿನ ಸಿಗುವುದಿಲ್ಲ. "ಎಲ್ಲರನ್ನೂ ಅದೇ ದಿನ ಕರೆದಿದ್ದೇವೆ" ಎಂದು ಫೋನ್‌ನಲ್ಲೇ ಹೇಳಿದರೆ ಬೇರೆ ದಿನದ ಪಟ್ಟಿ ಕಳಿಸಿ ಫಲವಿಲ್ಲ, ಆ ದಿನದ ಕೊನೆಯ ಸರದಿ ಕೇಳಬೇಕು. ನೇರ ಸಂದರ್ಶನ ಎಂದು ಪ್ರಕಟಣೆ ಕೊಟ್ಟಲ್ಲಿ ಯಾರ ಹೆಸರಿಗೂ ಸಮಯ ಇರುವುದಿಲ್ಲ, ಬದಲಿಸುವ ಮಾತೂ ಬರುವುದಿಲ್ಲ. ಸರ್ಕಾರಿ ನೇಮಕಾತಿಯ ಪರೀಕ್ಷೆಗೆ, ಟಿಇಟಿಗೆ ಈ ಪತ್ರ ಬರೆದು ಪ್ರಯೋಜನವಿಲ್ಲ. ಆಗುವುದೇ ಇಲ್ಲ ಎಂದು ಶಾಲೆಯವರು ಹೇಳಿದರೆ ನಾನು ಪರೀಕ್ಷೆಗೇ ಹೋಗುತ್ತಿದ್ದೆ, ಮುಂದಿನ ವರ್ಷ ಪರಿಗಣಿಸಿ ಎಂದು ಎರಡು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಆದರೆ ಉತ್ತರ ಬರುವವರೆಗೆ, ಬರುವುದಿಲ್ಲ ಎಂದು ಖಡಾಖಂಡಿತವಾಗಿ ಬರೆದು ಹಳೆಯ ಸಮಯವನ್ನು ಕಳೆದುಕೊಳ್ಳಬಾರದು. ಒಮ್ಮೊಮ್ಮೆ ನಮ್ಮ ಪರೀಕ್ಷೆಯ ದಿನವೇ ಬದಲಾಗುವುದುಂಟು. ಕಳೆದ ಸೆಮಿಸ್ಟರ್‌ನಲ್ಲಿ ಎರಡು ಸಲ ಬದಲಾಗಿತ್ತು.

ಇಲ್ಲಿ ನಮ್ಮ ಅಧ್ಯಾಪಕರಿಗೂ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬಾರದು. ಈ ಘರ್ಷಣೆ ಯಾರೋ ಒಬ್ಬರ ಅಜಾಗರೂಕತೆಯಿಂದ ಆದದ್ದಲ್ಲ. ಎನ್‌ಸಿಟಿಇ 2014ರ ನಿಯಮಾವಳಿ ಬಂದ ಮೇಲೆ ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರ ನಾವು ಶಾಲೆಗಳಲ್ಲೇ ಇರುತ್ತೇವೆ. ನಮ್ಮ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ ಬೀಳುವ ವಾರಗಳಲ್ಲೇ ಖಾಸಗಿ ಶಾಲೆಗಳು ಜೂನ್‌ಗೆ ಶಿಕ್ಷಕರನ್ನು ಹುಡುಕುತ್ತವೆ. ಪ್ರತಿ ಬ್ಯಾಚಿನಲ್ಲೂ ನಾಲ್ಕಾರು ಜನ ಇದೇ ಇಕ್ಕಟ್ಟಿಗೆ ಬೀಳುತ್ತಾರೆ. ಆದರೂ ನಾವು ಬಾಯಿಬಿಟ್ಟು ಹೇಳಲು ಹೆದರುತ್ತೇವೆ. ಅಕ್ಟೋಬರ್‌ನಲ್ಲಿ ನಾನು ಹೇಳಿಕೊಂಡಾಗ ಬಂದ ಪ್ರಶ್ನೆ, "ನಿನಗೆ ಪಾಠ ಮುಖ್ಯವೋ, ಕೆಲಸ ಮುಖ್ಯವೋ?" ಎಂಬುದು. ಇಂಥ ಪ್ರಶ್ನೆಗೆ ಉತ್ತರವಿಲ್ಲ. ಅದನ್ನು ಕೇಳಿದ ಮೇಲೆ ಪ್ರಶಿಕ್ಷಣಾರ್ಥಿ ಮಾಡುವುದು ಒಂದೇ, ಮುಂದಿನ ಸಲ ಹೇಳದೆ ಹೋಗುವುದು. ವಿಮರ್ಶಾ ಪಾಠ ಯಾರೊಂದಿಗೆ ಬದಲಿಸಿಕೊಳ್ಳಬಹುದು, ಯಾವುದನ್ನು ಬದಲಿಸಲಾಗದು ಎಂದು ಅಂದು ಯಾರಾದರೂ ಕೂರಿಸಿ ಹೇಳಿದ್ದರೆ ನಾನು ಆ ಬುಧವಾರದ ಗೋಜಿಗೆ ಸಿಕ್ಕಿಕೊಳ್ಳುತ್ತಿರಲಿಲ್ಲ.

ಪ್ರಾಯೋಗಿಕ ಪರೀಕ್ಷೆಯ ವೇಳಾಪಟ್ಟಿ ನಮಗೆ ಸಿಕ್ಕಿದ್ದು ಒಂದು ವಾರ ಮುಂಚೆ. ಬಾಹ್ಯ ಪರೀಕ್ಷಕರ ಒಪ್ಪಿಗೆ ಬರಬೇಕು, ಕಾಲೇಜಿನ ಕೈಯಲ್ಲಿ ಎಲ್ಲವೂ ಇಲ್ಲ ಎಂಬುದು ಗೊತ್ತು. ಆದರೂ ಯಾವ ವಾರ ಎಂಬುದಾದರೂ ತಿಂಗಳ ಮೊದಲು ಸೂಚನಾ ಫಲಕದಲ್ಲಿದ್ದರೆ, ಅರ್ಜಿ ಹಾಕುವಾಗಲೇ "ಇಂಥ ವಾರ ಪರೀಕ್ಷೆ" ಎಂದು ನಾವು ಶಾಲೆಗಳಿಗೆ ಬರೆಯಬಹುದು. ಆಗ ಈ ಪತ್ರದ ಅಗತ್ಯವೇ ಅರ್ಧ ಜನರಿಗೆ ಬೀಳುವುದಿಲ್ಲ.

ಇನ್ನೊಂದು ಕೋರಿಕೆ. ಪತ್ರಲೇಖನದ ಅಭ್ಯಾಸದಲ್ಲಿ ಒಂದು ರಜಾ ಅರ್ಜಿಯನ್ನು ಕಡಿಮೆ ಮಾಡಿ, ಅದರ ಜಾಗದಲ್ಲಿ ಇದನ್ನು ಮಾಡಿಸಬಹುದು. ಪ್ರತಿ ಪ್ರಶಿಕ್ಷಣಾರ್ಥಿಗೆ ತನ್ನದೇ ಆ ವಾರದ ವೇಳಾಪಟ್ಟಿ ಕೊಟ್ಟು, ಅದರ ಮೇಲೆ ಒಂದು ಸಂದರ್ಶನದ ಸಮಯ ಬೀಳಿಸಿ, ಯಾವುದು ಅಲ್ಲಾಡಬಹುದು ನೋಡಿ, ಮೂರು ಸಮಯ ಹುಡುಕಿ ಬರೆಯಿರಿ ಎನ್ನಬೇಕು. ಪಕ್ಕದವರು ಶಾಲೆಯ ಕಚೇರಿಯವರಾಗಿ ಕೂತು, ಕೊಟ್ಟ ಮೂರರಲ್ಲಿ ಒಂದನ್ನು ಸ್ವಲ್ಪ ಸರಿಸಿ ಉತ್ತರ ಬರೆಯಲಿ. ಒಂದು ಪೀರಿಯಡ್ ಸಾಕು. ಯಾವ ದಿನವಾದರೂ ಬರುತ್ತೇನೆ ಎಂದು ಎಷ್ಟು ಜನ ಬರೆಯುತ್ತಾರೆ ಎಣಿಸಿ ನೋಡಿ. ನಮ್ಮ ಗುಂಪಿನಲ್ಲಿ ನಾನೇ ಸುಮ್ಮನೆ ಮಾಡಿಸಿದಾಗ ಹನ್ನೊಂದರಲ್ಲಿ ಏಳು ಜನ ಬರೆದಿದ್ದರು.

ಗುರುವಾರದ ಪಾಠ ಸುಸೂತ್ರವಾಗಿ ಆಯಿತು. ಶ್ರುತಿ ಕವೆಯನ್ನು ನೀರಿಗೆ ಮುಟ್ಟಿಸಿ ಅಲೆ ತೋರಿಸುವಾಗ ಮುಂದಿನ ಬೆಂಚಿನ ಹುಡುಗನ ಮುಖಕ್ಕೆ ನೀರು ಎರಚಿ ಇಡೀ ತರಗತಿ ನಕ್ಕಿತು, ಬಾಹ್ಯ ಪರೀಕ್ಷಕರೂ ನಕ್ಕರು. ಶನಿವಾರ ಬೆಳಗ್ಗೆ ಕತ್ತಲಿದ್ದಾಗಲೇ ಅದೇ ಶ್ರುತಿ ಕವೆಯನ್ನು ಚೀಲದಲ್ಲಿಟ್ಟುಕೊಂಡು ಅರಸೀಕೆರೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. 8.15ಕ್ಕೆ ಶಾಲೆಯ ಗೇಟಿನಲ್ಲಿದ್ದೆ. ಫೋನ್ ಮಾಡಿದ್ದ ಮೇಡಂ ನನ್ನ ಸಂದೇಶದ ಪ್ರಿಂಟನ್ನು ಅರ್ಜಿಯ ಮೇಲೆ ಪಿನ್ ಮಾಡಿ ಇಟ್ಟಿದ್ದರು, ಶನಿವಾರದ ಸಾಲಿಗೆ ಯಾರೋ ಕೆಂಪು ಶಾಯಿಯಲ್ಲಿ ಟಿಕ್ ಹಾಕಿ ಪಕ್ಕದಲ್ಲಿ 8.30 ಎಂದು ಬರೆದಿದ್ದರು. ಆಯ್ಕೆ ಪಟ್ಟಿ ಏಪ್ರಿಲ್‌ನಲ್ಲಿ ಎಂದಿದ್ದಾರೆ.